ಮಿಸ್‌ಗೆ ಬರೆಯುವ ಚೀಟಿ, ಜೊತೆಗೆ ಡಾಕ್ಟರ ಚೀಟಿ

ಮಗುವಿಗೆ ಹುಷಾರಿಲ್ಲದಾಗ ಡಾಕ್ಟರ ಚೀಟಿಯ ಫೋಟೋ ತೆಗೆದು ಕ್ಲಾಸ್ ಟೀಚರ್‌ಗೆ ವಾಟ್ಸಾಪ್ ಮಾಡಿ ಸುಮ್ಮನಾಗುವುದು ಈಗಿನ ರೂಢಿ. ಜೊತೆಯಲ್ಲಿ ಒಂದು ಮಾತೂ ಇರುವುದಿಲ್ಲ. ಇದ್ದರೆ ಕೈಮುಗಿದ ಒಂದು ಇಮೋಜಿ. ಮಿಸ್ ಆ ಫೋಟೋ ತೆರೆದರೆ ಕಾಣುವುದು ಮೂರು ಔಷಧಿಗಳ ಹೆಸರು, 1-0-1 ಎಂಬ ಲೆಕ್ಕ, ಕೆಳಗೊಂದು ಸುರುಳಿ ಸಹಿ. ಮಗುವಿಗೆ ಏನಾಗಿದೆ, ಯಾವತ್ತು ಶುರುವಾಯಿತು, ಎಷ್ಟು ದಿನ ಬರುವುದಿಲ್ಲ, ಬಂದ ಮೇಲೆ ಏನು ನೋಡಿಕೊಳ್ಳಬೇಕು ಎಂಬುದೊಂದೂ ಅದರಲ್ಲಿ ಸಿಗುವುದಿಲ್ಲ. ಸಿಗಬೇಕೆಂದೂ ಇಲ್ಲ, ಏಕೆಂದರೆ ಆ ಚೀಟಿಯನ್ನು ಡಾಕ್ಟರು ಬರೆದದ್ದು ಮೆಡಿಕಲ್ ಶಾಪಿನವರಿಗೆ.

ಹಿಂದೆ ರಜಾ ಅರ್ಜಿಗೆ ಒಂದು ಅಚ್ಚು ಇತ್ತು. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’ ಎಂದು ಒಂದೊಂದೇ ಸಾಲು ಇಳಿದು ಬಂದು, ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ಯಲ್ಲಿ ಮುಗಿಯುತ್ತಿತ್ತು. ಕಾರಣದ ಜಾಗದಲ್ಲಿ ಹೊಟ್ಟೆನೋವು ಇಲ್ಲವೇ ತೀವ್ರ ಜ್ವರ. ಸೋದರಮಾವನ ಮದುವೆಗೂ ತೀವ್ರ ಜ್ವರವೇ. ಆ ಅರ್ಜಿ ರಜೆ ಕೇಳುತ್ತಿತ್ತೇ ಹೊರತು ಸುದ್ದಿ ಹೇಳುತ್ತಿರಲಿಲ್ಲ. ಈಗಿನ ಬರೀ ಫೋಟೋ ರಜೆಯನ್ನೂ ಕೇಳುವುದಿಲ್ಲ. ಅಂಟುಜಾಡ್ಯವಾದಾಗ ಇದರಿಂದ ಆಗುವ ತೊಂದರೆ ಏನು ಎಂದು ಒಂದು ಉದಾಹರಣೆ ಹಿಡಿದು ನೋಡೋಣ. ಮಕ್ಕಳ ಶಾಲೆಗಳಲ್ಲಿ ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಹೆಚ್ಚಾಗಿ ಕಾಣುವ ಚಿಕನ್‌ಪಾಕ್ಸನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಅದಕ್ಕೆ ‘ಅಮ್ಮ ಆಗಿದೆ’ ಎನ್ನುತ್ತೇವೆ.

ಹುಡುಗಿಯ ಹೆಸರು ಸಿರಿ ಎಂದಿಟ್ಟುಕೊಳ್ಳೋಣ. ನಾಲ್ಕನೇ ತರಗತಿ, ಬಿ ವಿಭಾಗ. 2026ರ ಫೆಬ್ರುವರಿ 9, ಸೋಮವಾರ ಅವಳು ಶಾಲೆಗೆ ಹೋಗಿ ಬಂದಳು. ಸಂಜೆ ಮೈ ಸ್ವಲ್ಪ ಬೆಚ್ಚಗಿತ್ತು, ಊಟ ಬೇಡವೆಂದಳು. ಮಂಗಳವಾರ ಬೆಳಿಗ್ಗೆ ಸ್ನಾನಕ್ಕೆ ಬಟ್ಟೆ ಬಿಚ್ಚಿದಾಗ ಎದೆಯ ಮೇಲೆ, ಬೆನ್ನ ಮೇಲೆ ಹತ್ತು ಹನ್ನೆರಡು ಕೆಂಪು ಚುಕ್ಕೆ. ಕೆಲವು ಆಗಲೇ ನೀರು ತುಂಬಿ ನೀರುಗುಳ್ಳೆಯಾಗಿವೆ. ಮಧ್ಯಾಹ್ನ ಮಕ್ಕಳ ಡಾಕ್ಟರು ನೋಡಿ, ಚಿಕನ್‌ಪಾಕ್ಸ್ ಎಂದು ಚೀಟಿಯಲ್ಲಿ ಬರೆದರು. ಜ್ವರಕ್ಕೆ ಪ್ಯಾರಾಸಿಟಮಾಲ್, ತುರಿಕೆಗೆ ಒಂದು ಸಿರಪ್, ಹಚ್ಚಲು ಕ್ಯಾಲಮೈನ್ ಲೋಷನ್ ಕೊಟ್ಟರು. ಆಸ್ಪಿರಿನ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ ಎಂದರು. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಮನೆಯಲ್ಲೇ ಇರಲಿ, 16ರ ಸೋಮವಾರ ಮತ್ತೆ ಕರೆತನ್ನಿ ಎಂದರು.

ಈ ಕೊನೆಯ ಮಾತನ್ನು ಡಾಕ್ಟರು ಬಾಯಲ್ಲಿ ಹೇಳಿದರೋ ಚೀಟಿಯಲ್ಲಿ ಬರೆದರೋ ಎಂಬುದನ್ನು ಅಲ್ಲೇ ನೋಡಿಕೊಳ್ಳಬೇಕು. ಬಹಳಷ್ಟು ಸಲ ಬಾಯಲ್ಲಿ ಹೇಳಿರುತ್ತಾರೆ, ಚೀಟಿಯಲ್ಲಿ ಬರೀ ಔಷಧಿ ಇರುತ್ತದೆ. ‘ಶಾಲೆಗೆ ಕಳಿಸಬೇಕು ಡಾಕ್ಟ್ರೇ, ಎಷ್ಟು ದಿನ ಮನೆಯಲ್ಲಿರಬೇಕು ಅಂತ ಇದರಲ್ಲೇ ಒಂದು ಸಾಲು ಬರೆದುಕೊಡಿ’ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ಆ ಒಂದು ಸಾಲು ಇದ್ದರೆ ಮಾತ್ರ ಚೀಟಿಯ ಫೋಟೋದಿಂದ ಶಾಲೆಗೆ ಪ್ರಯೋಜನ.

ಇನ್ನು ತಾಯಿ ಬರೆಯಬೇಕಾದದ್ದು. ಅದು ಹೀಗಿದ್ದರೆ ಸಾಕು:

“ನಮಸ್ಕಾರ ಮಿಸ್. ನಾನು 4ನೇ ತರಗತಿ ಬಿ ವಿಭಾಗದ ಸಿರಿಯ ತಾಯಿ. ಇವತ್ತು, ಫೆಬ್ರುವರಿ 10ರ ಬೆಳಿಗ್ಗೆ, ಸಿರಿಯ ಮೈಮೇಲೆ ನೀರುಗುಳ್ಳೆ ಎದ್ದಿವೆ. ಡಾಕ್ಟರಿಗೆ ತೋರಿಸಿದೆವು, ಚಿಕನ್‌ಪಾಕ್ಸ್ ಅಂದರು. ನಿನ್ನೆ ಸೋಮವಾರ ಅವಳು ಪೂರ್ತಿ ದಿನ ಶಾಲೆಯಲ್ಲಿದ್ದಳು. ಅವಳ ಜೊತೆ ಕೂತವರಿಗೆ, ಆಟೋದಲ್ಲಿ ಬರುವ ಮಕ್ಕಳ ಮನೆಯವರಿಗೆ ತಿಳಿಸಬೇಕೆನಿಸಿದರೆ ತಿಳಿಸಿ. ಗುಳ್ಳೆ ಎಲ್ಲ ಒಣಗುವ ತನಕ ಕಳಿಸಬೇಡಿ ಅಂದಿದ್ದಾರೆ. 16ಕ್ಕೆ ಮತ್ತೆ ನೋಡುತ್ತಾರೆ, ಅವತ್ತು ಸಂಜೆ ನಿಮಗೆ ಹೇಳುತ್ತೇನೆ. ಚೀಟಿಯ ಫೋಟೋ ಕೆಳಗೆ ಇದೆ. ಹೋಂವರ್ಕ್ ಈ ವಾರ ಕಳಿಸುವುದು ಬೇಡ, ಬಂದ ಮೇಲೆ ಬರೆಸುತ್ತೇನೆ.”

ಇದರಲ್ಲಿ ವಿನಯದ ಅಲಂಕಾರ ಇಲ್ಲ, ಆದರೆ ಮಿಸ್‌ಗೆ ಬೇಕಾದದ್ದು ಎಲ್ಲ ಇದೆ. ಇಡೀ ಬರಹದಲ್ಲಿ ಅತಿ ಮುಖ್ಯವಾದ ಸಾಲು ಯಾವುದು ಎಂದು ಕೇಳಿದರೆ ನಾನು ‘ನಿನ್ನೆ ಅವಳು ಪೂರ್ತಿ ದಿನ ಶಾಲೆಯಲ್ಲಿದ್ದಳು’ ಎಂಬುದನ್ನು ತೋರಿಸುತ್ತೇನೆ. ಅಪ್ಪ ಅಮ್ಮಂದಿರು ಬರೆಯದೇ ಬಿಡುವುದೂ ಇದನ್ನೇ. ಚಿಕನ್‌ಪಾಕ್ಸ್‌ನ ಸ್ವಭಾವ ಹೇಗೆಂದರೆ, ಮೈಮೇಲೆ ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಅದು ಮಗುವಿನ ಉಸಿರಿನ ಮೂಲಕ ಇನ್ನೊಬ್ಬರಿಗೆ ಹರಡತೊಡಗಿರುತ್ತದೆ. ಅಂದರೆ ಸೋಮವಾರ ಆರೋಗ್ಯವಾಗಿಯೇ ಕಾಣುತ್ತಿದ್ದ ಸಿರಿ ಅಷ್ಟರಲ್ಲೇ ತರಗತಿಯಲ್ಲಿ ಅದನ್ನು ಹಂಚಿರಬಹುದು. ಅಂಟಿದವರಲ್ಲಿ ಅದು ಕಾಣಿಸಿಕೊಳ್ಳುವುದು 10ರಿಂದ 21 ದಿನಗಳ ಒಳಗೆ, ಬಹುಪಾಲು ಎರಡು ವಾರದ ಆಸುಪಾಸಿನಲ್ಲಿ. ಸೋಮವಾರದಿಂದ ಎಣಿಸಿದರೆ ಫೆಬ್ರುವರಿ 19ರಿಂದ ಮಾರ್ಚ್ 2ರ ತನಕ ಆ ತರಗತಿಯ ಮೇಲೆ ಒಂದು ಕಣ್ಣಿರಬೇಕು. ದಿನಾಂಕ ಗೊತ್ತಿದ್ದರೆ ಮಿಸ್ ಈ ಲೆಕ್ಕ ಹಾಕಬಲ್ಲರು. ‘ಹುಷಾರಿಲ್ಲ, ಒಂದು ವಾರ ಬರಲ್ಲ’ ಎಂದಷ್ಟೇ ಬರೆದರೆ ಹಾಕಲಾರರು.

ಲೆಕ್ಕ ಹಾಕಿ ಏನಾಗಬೇಕು, ಮಕ್ಕಳಿಗೆ ಒಂದಲ್ಲ ಒಂದು ದಿನ ಬರುವುದೇ ತಾನೇ ಎನ್ನಬಹುದು. ಗಟ್ಟಿಮುಟ್ಟಾದ ಮಕ್ಕಳಿಗೆ ಇದು ಹೆಚ್ಚಾಗಿ ತುರಿಕೆ, ಜ್ವರ, ನಾಲ್ಕಾರು ಕಲೆಗಳಲ್ಲಿ ಮುಗಿಯುವುದು ನಿಜ. ಆದರೆ ಶಾಲೆಯಲ್ಲಿ ಗಟ್ಟಿಮುಟ್ಟಾದ ಮಕ್ಕಳಷ್ಟೇ ಇರುವುದಿಲ್ಲ. ಮೂತ್ರಪಿಂಡದ ತೊಂದರೆಗೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗು ಪಕ್ಕದ ಬೆಂಚಿನಲ್ಲಿರಬಹುದು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಆಗಷ್ಟೇ ಶಾಲೆಗೆ ಮರಳಿದ ಮಗು ಇರಬಹುದು. ಅಂಥವರ ಮೈಯಲ್ಲಿ ರೋಗ ತಡೆಯುವ ಶಕ್ತಿ ತಗ್ಗಿರುತ್ತದೆ, ಅವರಲ್ಲಿ ಚಿಕನ್‌ಪಾಕ್ಸ್ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಸಂಚಕಾರ ತರಬಲ್ಲದು. ಇನ್ನು ಮಿಸ್ ಸ್ವತಃ ಗರ್ಭಿಣಿಯಾಗಿದ್ದು, ಚಿಕ್ಕಂದಿನಲ್ಲಿ ಅವರಿಗೆ ಇದು ಬಂದಿಲ್ಲವೆಂದರೆ ತಾಯಿಗೂ ಅಪಾಯ, ಮೊದಲ ಐದು ತಿಂಗಳಲ್ಲಾದರೆ ಅಪರೂಪಕ್ಕೆ ಹೊಟ್ಟೆಯಲ್ಲಿರುವ ಕೂಸಿಗೂ. ಇಂಥವರಿಗೆ ಮಾಡಬಹುದಾದ ಉಪಾಯ ಇದೆ. ರಕ್ತ ಪರೀಕ್ಷೆಯಲ್ಲಿ ಆಗಲೇ ರಕ್ಷಣೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೊಡುವುದುಂಟು, ಆದರೆ ಅದಕ್ಕೆ ಸೋಂಕಿನ ಸಂಪರ್ಕವಾದ ಹತ್ತು ದಿನಗಳ ಒಳಗೇ ಹೋಗಬೇಕು. ಸಿರಿಯ ತಾಯಿ ಮಂಗಳವಾರವೇ ರೋಗದ ಹೆಸರು ಬರೆದರೆ ಮಿಸ್‌ಗೆ ಹತ್ತರಲ್ಲಿ ಒಂಬತ್ತು ದಿನ ಕೈಯಲ್ಲಿರುತ್ತದೆ. ಹುಡುಗಿ ವಾಪಸು ಬರುವ ದಿನ ಹೇಳಿದರೆ ಉಳಿಯುವುದು ಎರಡು.

ಎಲ್ಲ ಕಾಯಿಲೆಗೂ ಇಷ್ಟು ವಿವರ ಬೇಕಿಲ್ಲ. ಡೆಂಗ್ಯೂ ಆದರೆ ಅದು ಮಗುವಿನಿಂದ ಮಗುವಿಗೆ ನೇರವಾಗಿ ಹರಡುವುದಿಲ್ಲ, ಸೊಳ್ಳೆ ನಡುವೆ ಬೇಕು. ಹೆಸರು ಹೇಳಿದರೆ ಶಾಲೆಯವರು ನೀರಿನ ತೊಟ್ಟಿ, ಹೂಕುಂಡದ ತಟ್ಟೆ ನೋಡಿಕೊಂಡಾರು, ಅಷ್ಟೇ. ಮಂಗನಬಾವು ಆದರೆ ಕೆನ್ನೆ ಊದಿದ ದಿನದಿಂದ ಐದು ದಿನ, ದಡಾರವಾದರೆ ಮೈಮೇಲೆ ಎದ್ದ ದಿನದಿಂದ ನಾಲ್ಕು ದಿನ ಶಾಲೆಯಿಂದ ದೂರವಿರಬೇಕು ಎಂಬುದು ವೈದ್ಯರ ರೂಢಿಯ ಲೆಕ್ಕ. ಅಲ್ಲಿಯೂ ಶುರುವಾದ ದಿನಾಂಕವೇ ಮುಖ್ಯ. ಬರೀ ನೆಗಡಿ ಜ್ವರವಾದರೆ, ಔಷಧಿ ಕೊಡದೆಯೂ ಇಪ್ಪತ್ತನಾಲ್ಕು ಗಂಟೆ ಜ್ವರವಿಲ್ಲದೆ ಕಳೆದ ಮೇಲೆ ಕಳಿಸಬಹುದು. ‘ಔಷಧಿ ಕೊಡದೆಯೂ’ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬೆಳಿಗ್ಗೆ ಏಳಕ್ಕೆ ಸಿರಪ್ ಕುಡಿಸಿ ಕಳಿಸಿದ ಮಗು ಹನ್ನೊಂದೂವರೆಗೆ ಮತ್ತೆ ಕಾದು ಬೆಂಚಿನ ಮೇಲೆ ತಲೆಯಿಟ್ಟು ಮಲಗುವುದನ್ನು ನೋಡದ ಟೀಚರೇ ಇರಲಾರರು.

ಮಗುವಿನ ಕಾಯಿಲೆ ಊರಿಗೆಲ್ಲ ತಿಳಿಯಬೇಕೇ ಎಂಬ ಹಿಂಜರಿಕೆ ಸಹಜ. ಅದಕ್ಕಾಗಿಯೇ ಚೀಟಿಯ ಫೋಟೋ ಹೋಗಬೇಕಾದದ್ದು ಮಿಸ್‌ಗೆ ಮಾತ್ರ, ತರಗತಿಯ ಗ್ರೂಪಿಗಲ್ಲ. ಗ್ರೂಪಿನಲ್ಲಿ ನಲವತ್ತು ಮನೆಗಳಿವೆ, ಒಂದೊಂದು ಮನೆಯ ಫೋನಿನಲ್ಲೂ ಆ ಫೋಟೋ ತಾನಾಗಿ ಉಳಿದುಬಿಡುತ್ತದೆ. ಮಿಸ್ ಗ್ರೂಪಿನಲ್ಲಿ ಹೇಳುವುದಿದ್ದರೂ ‘ನಮ್ಮ ತರಗತಿಯ ಒಂದು ಮಗುವಿಗೆ ಚಿಕನ್‌ಪಾಕ್ಸ್ ಆಗಿದೆ, ಮನೆಯಲ್ಲಿ ಗಮನಿಸಿ’ ಎಂದರೆ ಸಾಕು, ಹೆಸರು ಬೇಕಿಲ್ಲ. ಅಂಟದ ಕಾಯಿಲೆಗಳಿಗಂತೂ, ಅಂದರೆ ಮೂರ್ಛೆ, ಮನಸ್ಸಿನ ತೊಂದರೆ, ಹೆಣ್ಣುಮಕ್ಕಳ ತಿಂಗಳ ನೋವು ಇಂಥವಕ್ಕೆ, ‘ವೈದ್ಯರ ಸಲಹೆಯಂತೆ ಮನೆಯಲ್ಲಿದ್ದಾಳೆ’ ಎಂದು ಬರೆದು ಉಳಿದದ್ದನ್ನು ಅಗತ್ಯವಿದ್ದರೆ ಮುಖತಃ ಹೇಳಬಹುದು. ನಂಬಲಿ ಎಂದು ಕೆಲವರು ಮಗುವಿನ ಬೆನ್ನು ಹೊಟ್ಟೆಯ ಗುಳ್ಳೆಗಳ ಫೋಟೋ ಕಳಿಸುತ್ತಾರೆ. ಅದು ಬೇಡವೇ ಬೇಡ. ಮಗುವಿನ ಮೈಯ ಚಿತ್ರ ಯಾರ ಫೋನಿಗೂ ಹೋಗುವ ಅಗತ್ಯವಿಲ್ಲ.

ಚೀಟಿಯ ಫೋಟೋ ತೆಗೆಯುವುದಕ್ಕೂ ಸ್ವಲ್ಪ ವ್ಯವಧಾನ ಬೇಕು. ಡಾಕ್ಟರ ಹೆಸರು ಮತ್ತು ನೋಂದಣಿ ಸಂಖ್ಯೆ, ದಿನಾಂಕ, ಮಗುವಿನ ಹೆಸರು ವಯಸ್ಸು, ರೋಗ ಮತ್ತು ವಿಶ್ರಾಂತಿಯ ಸಾಲು, ಸಹಿ, ಇಷ್ಟು ಕಾಣಬೇಕು. ವೈದ್ಯರು ಪ್ರತಿ ಚೀಟಿಯಲ್ಲೂ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಹಾಕಬೇಕೆಂಬುದು 2002ರ ವೈದ್ಯರ ವೃತ್ತಿ ನಿಯಮಗಳಲ್ಲಿಯೇ ಇದೆ. ಕರ್ನಾಟಕದ ಚೀಟಿಗಳಲ್ಲಿ ಅದು ಸಾಮಾನ್ಯವಾಗಿ ‘ಕೆಎಂಸಿ’ ಎಂಬ ಅಕ್ಷರಗಳ ಮುಂದೆ ಇರುತ್ತದೆ. ಕಾಣಬೇಕಿಲ್ಲದವು ಮನೆಯ ವಿಳಾಸ, ಫೋನ್ ನಂಬರು, ಆಸ್ಪತ್ರೆಯ ರೋಗಿ ಸಂಖ್ಯೆ, ಕ್ಯೂಆರ್ ಕೋಡು, ಮಗುವಿನ ಹಳೆಯ ಕಾಯಿಲೆಗಳ ಟಿಪ್ಪಣಿ. ಇವುಗಳ ಮೇಲೆ ಫೋಟೋ ತೆಗೆಯುವ ಮೊದಲೇ ಒಂದು ಕಾಗದದ ಚೂರು ಇಟ್ಟುಬಿಡುವುದು ಒಳ್ಳೆಯದು. ತೆಗೆದ ಮೇಲೆ ಫೋನಿನ ಬಣ್ಣದ ಬ್ರಷ್ಷಿನಿಂದ ಗೀಚಿದರೆ, ಅದು ಹೈಲೈಟರಿನಂಥ ಬಣ್ಣವಾಗಿದ್ದಲ್ಲಿ ಹಿಂದಿನ ಅಕ್ಷರ ಓದಲು ಸಿಗುತ್ತದೆ.

ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಮಡಿಕೆ ಬಿಡಿಸಿ, ಕಿಟಕಿಯ ಹತ್ತಿರ ನೆಲದ ಮೇಲೆ ಹರಡಿ, ನೇರ ಮೇಲಿನಿಂದ ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ನಡುವೆ ಒಂದು ಬಿಳಿ ಮಚ್ಚೆ ಬಂದು, ದಿನಾಂಕವೇ ಅದರಲ್ಲಿ ಮುಳುಗುತ್ತದೆ. ಕಳಿಸುವ ಮೊದಲು ಫೋಟೋ ದೊಡ್ಡದು ಮಾಡಿ, ದಿನಾಂಕ ಓದಲು ಬರುತ್ತದೆಯೇ ಎಂದು ನೋಡಿದರೆ ಸಾಕು, ಅದು ಕಂಡರೆ ಉಳಿದದ್ದೂ ಕಾಣುತ್ತದೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುವುದರಿಂದ, ಕೈಬರಹ ಸಣ್ಣದಿದ್ದರೆ ಮೇಲ್ಗಡೆ ಕಾಣುವ HD ಗುಂಡಿ ಒತ್ತಿ ಕಳಿಸಬಹುದು. ಒಂದೇ ಸಲ ನೋಡಿ ಮಾಯವಾಗುವಂತೆ ಕಳಿಸುವ ಸೌಲಭ್ಯ ಇಲ್ಲಿ ಉಪಯೋಗಕ್ಕಿಲ್ಲ, ಮಿಸ್ ಅದನ್ನು ಮುಖ್ಯ ಶಿಕ್ಷಕರಿಗೆ ತೋರಿಸಬೇಕಾಗಬಹುದು. ಮೂಲ ಚೀಟಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ.

ಇಲ್ಲೊಂದು ಗೊಂದಲ ಪದೇ ಪದೇ ಆಗುತ್ತದೆ. ಔಷಧಿ ಚೀಟಿ ಬೇರೆ, ಮೆಡಿಕಲ್ ಸರ್ಟಿಫಿಕೇಟ್ ಬೇರೆ. ಒಂದೆರಡು ದಿನದ ರಜೆಗೆ ಅಪ್ಪ ಅಮ್ಮನ ಮಾತೇ ಸಾಕು, ಚೀಟಿಯೂ ಬೇಕಿಲ್ಲ. ವಾರದಷ್ಟಾದರೆ, ನಡುವೆ ಪರೀಕ್ಷೆ ತಪ್ಪಿದರೆ, ಶಾಲೆ ಸರ್ಟಿಫಿಕೇಟ್ ಕೇಳಬಹುದು. ಇಂಥ ದಿನದಿಂದ ಇಂಥ ದಿನದ ತನಕ ಮಗು ಶಾಲೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ ಎಂದು ಡಾಕ್ಟರು ತಮ್ಮ ಹೊಣೆಯಲ್ಲಿ ಹೇಳುವ ಕಾಗದ ಅದು. ಅದೇ 2002ರ ನಿಯಮಗಳ ಪ್ರಕಾರ ವೈದ್ಯರು ತಾವು ಕೊಟ್ಟ ಸರ್ಟಿಫಿಕೇಟುಗಳಿಗೆ ಒಂದು ರಿಜಿಸ್ಟರ್ ಇಡಬೇಕು, ಪ್ರತಿ ಉಳಿಸಿಕೊಳ್ಳಬೇಕು, ರೋಗಿಯ ಮೈಮೇಲಿನ ಒಂದು ಗುರುತನ್ನಾದರೂ ಬರೆದುಕೊಳ್ಳಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟದ್ದು ಸಾಬೀತಾದರೆ ಅವರ ನೋಂದಣಿಗೇ ಕುತ್ತು. ಆದ್ದರಿಂದ ಐದನೇ ದಿನ ಮೊದಲ ಸಲ ಕ್ಲಿನಿಕ್ಕಿಗೆ ಹೋಗಿ ‘ಸೋಮವಾರದಿಂದ ಹಾಕಿ ಬರೆದುಕೊಡಿ’ ಎಂದರೆ ಡಾಕ್ಟರು ಹಿಂದೆಮುಂದೆ ನೋಡುವುದು ಸರಿಯೇ. ಹೆಚ್ಚೆಂದರೆ ‘ಇಂದು ಪರೀಕ್ಷಿಸಿದ್ದೇನೆ, ನಾಲ್ಕು ದಿನದಿಂದ ಹುಷಾರಿಲ್ಲವೆಂದು ತಾಯಿ ಹೇಳುತ್ತಾರೆ’ ಎಂದು ಬರೆದಾರು. ಹಾಗೆ ಬರೆದದ್ದು ಸತ್ಯ. ಅದನ್ನು ಒಪ್ಪದ ಶಾಲೆ ಇದ್ದರೆ ತಪ್ಪು ಶಾಲೆಯದು ಎನ್ನುತ್ತೇನೆ.

ಹತ್ತನೇ ತರಗತಿಯವರಿಗೆ ಈ ಕಾಗದಗಳ ಬೆಲೆ ಬೇರೆಯೇ. ಎಸ್ಸೆಸ್ಸೆಲ್ಸಿಯಲ್ಲೂ ಸಿಬಿಎಸ್‌ಇಯಲ್ಲೂ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆದರೆ 55 ದಿನದ ಅವಕಾಶ ಇದೆ ಎಂದಾಯಿತು. ಸಿರಿಯಂಥ ಚಿಕ್ಕ ಮಗುವಿನ ಆರು ದಿನಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಹತ್ತನೆಯವನೊಬ್ಬ ಜುಲೈಯಲ್ಲಿ ಟೈಫಾಯ್ಡಿಗೆ ಮೂರು ವಾರ, ಡಿಸೆಂಬರಿನಲ್ಲಿ ಕಾಲು ಮುರಿದು ಒಂದು ತಿಂಗಳು ಮಲಗಿದರೆ ಫೆಬ್ರುವರಿಯಲ್ಲಿ ಜುಲೈಯ ಚೀಟಿ ಹುಡುಕುವ ಪಾಡು ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದು ಆಗ ಸಿಗುವ ಖಾತ್ರಿ ಇಲ್ಲ, ಹಳೆಯ ಫೋನಿನ ಜೊತೆಗೇ ಹೋಗಿರುತ್ತದೆ.

ಚೀಟಿಯೇ ಇಲ್ಲದ ಮನೆಗಳೂ ಇವೆ. ಅಮ್ಮ ಆದಾಗ ಡಾಕ್ಟರ ಹತ್ತಿರ ಹೋಗಬಾರದು ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಮೂರನೆಯ ನೀರು ಹಾಕಿದ ಮೇಲೆಯೇ ಹೊರಗೆ ಕಳಿಸುವ ಪದ್ಧತಿ ಎಷ್ಟೋ ಕಡೆ ಉಂಟು. ಮಗುವನ್ನು ಇತರರಿಂದ ದೂರ ಇಡುವ ಮಟ್ಟಿಗೆ ಆ ಪದ್ಧತಿ ಶಾಲೆಗೆ ಒಳ್ಳೆಯದನ್ನೇ ಮಾಡುತ್ತದೆ. ಹಾಗೆ ನಡೆಯುವವರು ‘ಅಮ್ಮ ಆಗಿದೆ, ಮಂಗಳವಾರ ಎದ್ದಿತು, ಸೋಮವಾರ ಶಾಲೆಗೆ ಬಂದಿದ್ದಳು’ ಎಂದು ಒಂದು ಸಾಲು ಬರೆದು ಕಳಿಸಿದರೂ ಮಿಸ್‌ಗೆ ಎಲ್ಲ ತಿಳಿಯುತ್ತದೆ. ಒಂದು ಮಾತ್ರ. ಉಸಿರಾಟ ಏರುತ್ತಿದ್ದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಪದೇ ಪದೇ ವಾಂತಿಯಾದರೆ, ಗುಳ್ಳೆಯ ಸುತ್ತ ಚರ್ಮ ಕೆಂಪಗೆ ಊದಿ ಕೀವಾದರೆ ಪದ್ಧತಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು.

ಸಿರಿಯ ವಿಷಯಕ್ಕೆ ಬಂದರೆ, ಶುಕ್ರವಾರದ ತನಕ ಹೊಸ ಗುಳ್ಳೆ ಏಳುತ್ತಲೇ ಇದ್ದವು. ಭಾನುವಾರ ಶಿವರಾತ್ರಿಯ ಹೊತ್ತಿಗೆ ಹೊಸದು ನಿಂತಿತ್ತು, ಸೋಮವಾರ ಕಂಕುಳಲ್ಲಿದ್ದ ಕೊನೆಯದೂ ಹಕ್ಕಳೆ ಕಟ್ಟಿತ್ತು. ದಿನಗಳ ಲೆಕ್ಕಕ್ಕಿಂತ ಇದನ್ನೇ ನೋಡಬೇಕು. ‘ಏಳು ದಿನ ವಿಶ್ರಾಂತಿ’ ಎಂದು ಚೀಟಿಯಲ್ಲಿದ್ದರೂ ಏಳನೇ ದಿನ ನೀರು ತುಂಬಿದ ಗುಳ್ಳೆ ಉಳಿದಿದ್ದರೆ ಕಳಿಸುವಂತಿಲ್ಲ. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಗುಳ್ಳೆ ನೀರು ತುಂಬದೆ ಬರೀ ಚುಕ್ಕೆಯಾಗಿಯೇ ಬತ್ತುವುದುಂಟು. ಅಲ್ಲಿ ಇಪ್ಪತ್ತನಾಲ್ಕು ಗಂಟೆ ಹೊಸದು ಏಳದಿದ್ದರೆ ಸರಿ. ಸೋಮವಾರ ಸಂಜೆ ತಾಯಿ ಎರಡನೆಯ ಚೀಟಿ ಬರೆಯುತ್ತಾಳೆ: “ಮಿಸ್, ಡಾಕ್ಟರು ನೋಡಿ ನಾಳೆಯಿಂದ ಕಳಿಸಬಹುದು ಅಂದರು. ಮುಖದ ಮೇಲೆ ಹಕ್ಕಳೆ ಇನ್ನೂ ಇವೆ, ಅವು ಅಂಟುವುದಿಲ್ಲವಂತೆ. ಮಕ್ಕಳು ಏನಾದರೂ ಅಂದರೆ ನೀವೇ ಒಂದು ಮಾತು ಹೇಳಿ. ಕೆರೆದುಕೊಳ್ಳದಂತೆ ಜ್ಞಾಪಿಸಿ, ಕಲೆ ಉಳಿಯುತ್ತದೆ.”

ಅದೇ ಮನೆಯಲ್ಲಿ ಯುಕೆಜಿಗೆ ಹೋಗುವ ತಮ್ಮನೊಬ್ಬನಿದ್ದಾನೆ ಎಂದುಕೊಳ್ಳಿ. ಅವನಿಗೆ ಈ ತನಕ ಬಂದಿಲ್ಲ, ಲಸಿಕೆಯೂ ಆಗಿಲ್ಲ. ಸರ್ಕಾರ ಉಚಿತವಾಗಿ ಹಾಕುವ ಪಟ್ಟಿಯಲ್ಲಿ ಚಿಕನ್‌ಪಾಕ್ಸ್ ಲಸಿಕೆ ಇಲ್ಲವಾದ್ದರಿಂದ ದುಡ್ಡು ಕೊಟ್ಟು ಹಾಕಿಸದ ಮಕ್ಕಳೇ ಹೆಚ್ಚು. ಒಂದೇ ಸೂರಿನಡಿ ಇರುವ ಇಂಥ ಮಕ್ಕಳಿಗೆ ಹತ್ತರಲ್ಲಿ ಒಂಬತ್ತು ಪಾಲು ಅಂಟಿಯೇ ಅಂಟುತ್ತದೆ. ಸಂಪರ್ಕವಾದ ಮೂರು ದಿನದೊಳಗೆ, ತಡವಾದರೆ ಐದು ದಿನದೊಳಗೆ, ಲಸಿಕೆ ಹಾಕಿಸಿದರೆ ಬರದಿರಬಹುದು, ಬಂದರೂ ಹಗುರವಾಗಿ ಹೋಗಬಹುದು. ಅದಕ್ಕೆ ಮಂಗಳವಾರ ಸಿರಿಯನ್ನು ತೋರಿಸಲು ಹೋದಾಗಲೇ ಡಾಕ್ಟರನ್ನು ಕೇಳಬೇಕಿತ್ತು. ಮಗು ಆರೋಗ್ಯವಾಗಿರುವ ತನಕ ಅವನನ್ನು ಶಾಲೆ ಬಿಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ಅವನ ಮಿಸ್‌ಗೂ ಒಂದು ಸಾಲು ಹೋಗಬೇಕು: “ಅಕ್ಕನಿಗೆ ಫೆಬ್ರುವರಿ 10ರಂದು ಚಿಕನ್‌ಪಾಕ್ಸ್ ಆಯಿತು. ಇವನಿಗೆ ಸದ್ಯ ಏನೂ ಇಲ್ಲ. 18ರಿಂದ ಮಾರ್ಚ್ ಮೊದಲ ವಾರದ ತನಕ ದಿನಾ ಬೆಳಿಗ್ಗೆ ಬೆನ್ನು ಹೊಟ್ಟೆ ನೋಡಿ ಕಳಿಸುತ್ತೇನೆ. ಮಧ್ಯೆ ಮೈ ಬಿಸಿಯಾದರೆ ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ.”